ಓರೆಯಾಗಿಟ್ಟ ವೃತ್ತ

ಐಸಾಕ್ ನ್ಯೂಟನ್ 1669ರಲ್ಲಿ ತನ್ನ ಹೊಸ ವಿಧಾನವನ್ನು ತೋರಿಸಿಕೊಡಲು x³ − 2x − 5 = 0 ಎಂಬ ಸಮೀಕರಣವನ್ನು ಆರಿಸಿಕೊಂಡ. x ಜಾಗದಲ್ಲಿ 2 ಹಾಕಿದರೆ ಎಡಬದಿ −1 ಆಗುತ್ತದೆ; ಅಂದರೆ ಉತ್ತರ 2ಕ್ಕಿಂತ ತುಸು ಹೆಚ್ಚು. ಅಲ್ಲಿಂದ 2.1ಕ್ಕೆ, ಮತ್ತೆ ತಿದ್ದಿ 2.0946ರ ಆಸುಪಾಸಿಗೆ ಅವನು ಬಂದ. ಗಣಿತದ ತರಗತಿಗಳಲ್ಲಿ ಈ ಲೆಕ್ಕ ಇಂದಿಗೂ ಬಳಕೆಯಲ್ಲಿದೆ. ಆದರೆ ಘನ ಸಮೀಕರಣಕ್ಕೆ ಮೂಲಗಳು ಮೂರು. ಉಳಿದ ಎರಡು ಎಲ್ಲಿ?

ಸಾಮಾನ್ಯ ದಾರಿಯೆಂದರೆ ಸಿಕ್ಕ ಮೂಲದಿಂದ ಬಹುಪದಿಯನ್ನು ಭಾಗಿಸಿ, ಉಳಿದ ವರ್ಗ ಸಮೀಕರಣವನ್ನು ಬಿಡಿಸುವುದು. ಮೂರನೇ ಘಾತಕ್ಕೆ ಇದು ಸಾಕು. ಇಪ್ಪತ್ತನೇ ಘಾತದ ಬಹುಪದಿಗೆ ಹೀಗೆ ಒಂದೊಂದಾಗಿ ಕಳಚುತ್ತ ಹೋದರೆ ಮೊದಲ ಮೂಲದಲ್ಲಿ ಉಳಿದ ಸಣ್ಣ ದೋಷ ಎರಡನೆಯದಕ್ಕೆ ದಾಟುತ್ತದೆ, ಎರಡರದ್ದೂ ಸೇರಿ ಮೂರನೆಯದಕ್ಕೆ. ಕೊನೆಗೆ ಬರುವ ಮೂಲಗಳನ್ನು ನಂಬುವುದೇ ಕಷ್ಟವಾಗಬಹುದು. ಹಾಗಾಗಿ ಬೇರೊಂದು ಯೋಚನೆ ಹುಟ್ಟಿತು: ಎಲ್ಲ ಮೂಲಗಳನ್ನೂ ಒಮ್ಮೆಗೇ ಊಹಿಸಿ, ಎಲ್ಲ ಊಹೆಗಳನ್ನೂ ಒಟ್ಟಿಗೆ ತಿದ್ದುತ್ತ ಹೋದರೆ?

ಜರ್ಮನಿಯ ಕಾರ್ಲ್ ವೈಯರ್‌ಸ್ಟ್ರಾಸ್ 1891ರಲ್ಲಿ ಈ ಸೂತ್ರವನ್ನು ಬಳಸಿದ್ದು ಲೆಕ್ಕ ಮಾಡುವ ಅವಸರಕ್ಕಲ್ಲ. ಪ್ರತಿ ಬಹುಪದಿಗೂ ಅದರ ಘಾತದಷ್ಟೇ ಮೂಲಗಳಿವೆ ಎಂದು ಸಾಧಿಸುವುದಕ್ಕೆ. ಕಂಪ್ಯೂಟರುಗಳು ಬಂದ ಮೇಲೆ 1960ರಲ್ಲಿ ಡ್ಯೂರಾಂಡ್, 1966ರಲ್ಲಿ ಕೆರ್ನರ್ ಅದನ್ನು ಲೆಕ್ಕದ ವಿಧಾನವಾಗಿ ಮುಂದಿಟ್ಟರು. ಈಗ ಅದು ಹೆಚ್ಚಾಗಿ ಈ ಇಬ್ಬರ ಹೆಸರಿನಲ್ಲೇ ಓಡಾಡುತ್ತಿದೆ. ಮೊದಲಿಗನ ಹೆಸರು ಹಿಂದೆ ಸರಿಯುವುದು ಗಣಿತದಲ್ಲಿ ಹೊಸದೇನಲ್ಲ.

ಸೂತ್ರದ ಒಳಗುಟ್ಟು ಸರಳ. ಮೂಲಗಳು a, b, c ಆಗಿದ್ದರೆ ನಮ್ಮ ಬಹುಪದಿ ಎಂದರೆ (x − a)(x − b)(x − c). ಇದನ್ನು (x − b)(x − c)ಯಿಂದ ಭಾಗಿಸಿದರೆ ಉಳಿಯುವುದು x − a, ಅಂದರೆ x ಎಂಬ ಊಹೆ a ಎಂಬ ನಿಜದಿಂದ ಎಷ್ಟು ದೂರದಲ್ಲಿದೆ ಎಂಬುದು. ಆ ದೂರವನ್ನು x ನಿಂದ ಕಳೆದರೆ ಒಂದೇ ಹೆಜ್ಜೆಗೆ a ಸಿಗುತ್ತದೆ. ತೊಡಕೆಂದರೆ b, c ನಮಗೆ ಗೊತ್ತಿಲ್ಲ. ಅವುಗಳ ಜಾಗದಲ್ಲಿ ಸದ್ಯದ ಊಹೆಗಳನ್ನೇ ಇಟ್ಟು ಭಾಗಿಸುವುದು ಈ ವಿಧಾನದ ಧೈರ್ಯ. ಬೇರೆ ಊಹೆಗಳು ತಪ್ಪಾಗಿರುವುದರಿಂದ ಬರುವ ಉತ್ತರವೂ ಪೂರ್ತಿ ಸರಿಯಿರುವುದಿಲ್ಲ. ಆದರೆ ಮೂರೂ ಊಹೆಗಳು ಹೀಗೆ ಒಂದನ್ನೊಂದು ಬಳಸಿಕೊಂಡು ತಿದ್ದಿಕೊಳ್ಳುತ್ತವೆ. ಒಂದು ಸುಧಾರಿಸಿದಷ್ಟೂ ಮತ್ತೊಂದರ ಭಾಜಕ ನೆಟ್ಟಗಾಗುತ್ತದೆ.

ಶುರು ಎಲ್ಲಿಂದ? ಮೂಲಗಳು ಸಂಕೀರ್ಣ ಸಂಖ್ಯೆಗಳೂ ಆಗಿರಬಹುದಾದ್ದರಿಂದ ಊಹೆಗಳನ್ನು ಒಂದು ಗೆರೆಯ ಮೇಲಲ್ಲ, ಸಮತಲದ ಮೇಲೆ ಇಡಬೇಕು: ವಾಸ್ತವ ಭಾಗ ಅಡ್ಡಕ್ಕೆ, i ಇರುವ ಭಾಗ ಉದ್ದಕ್ಕೆ. ಯಾವ ಮೂಲ ಯಾವ ದಿಕ್ಕಿನಲ್ಲಿದೆ ಎಂದು ಗೊತ್ತಿಲ್ಲದಾಗ ಪಕ್ಷಪಾತವಿಲ್ಲದ ಆಕಾರವೆಂದರೆ ವೃತ್ತ. ಮೂಲಗಳ ಸರಾಸರಿಯನ್ನು ಬಹುಪದಿಯ ಎರಡನೇ ಸಹಗುಣಕವೇ ಹೇಳಿಬಿಡುತ್ತದೆ. ವೃತ್ತದ ಕೇಂದ್ರ ಅಲ್ಲಿರಲಿ. ನ್ಯೂಟನ್ನನ ಸಮೀಕರಣದಲ್ಲಿ x² ಇಲ್ಲ, ಹಾಗಾಗಿ ಕೇಂದ್ರ ಸೊನ್ನೆ. ತ್ರಿಜ್ಯ 2 ಎಂದಿಟ್ಟುಕೊಂಡು 30, 150, 270 ಡಿಗ್ರಿಗಳಲ್ಲಿ ಮೂರು ಬಿಂದುಗಳನ್ನು ಗುರುತಿಸೋಣ: 1.732 + i, −1.732 + i ಮತ್ತು −2i.

ಮೂರನೆಯದನ್ನು ಕೈಯಲ್ಲೇ ತಿದ್ದಬಹುದು. −2i ಹಾಕಿದಾಗ ಬಹುಪದಿಯ ಬೆಲೆ −5 + 12i. ಉಳಿದೆರಡು ಬಿಂದುಗಳಿಂದ ಅದಕ್ಕಿರುವ ಅಂತರಗಳ ಗುಣಲಬ್ಧ −12. ಭಾಗಿಸಿದರೆ 0.4167 − i. ಅದನ್ನು −2i ನಿಂದ ಕಳೆದರೆ ಹೊಸ ಊಹೆ −0.4167 − i. ಇದೇ ಸುತ್ತಿನಲ್ಲಿ ಉಳಿದವು 1.652 + 0.139i ಮತ್ತು −1.235 + 0.861i ಆಗುತ್ತವೆ. ಎರಡನೇ ಸುತ್ತಿಗೆ ಮೊದಲನೆಯದು 2.156 − 0.120i. ಮೂರನೇ ಸುತ್ತು ಮುಗಿದಾಗ ಮೂರೂ ಎಲ್ಲಿವೆ ನೋಡಿ: 2.087 − 0.004i, −1.057 + 1.123i, −1.030 − 1.119i. ನಿಜವಾದ ಮೂಲಗಳು 2.0946 ಮತ್ತು −1.0473 ± 1.1359i. ನಾಲ್ಕನೇ ಸುತ್ತಿನಲ್ಲಿ ದೋಷ ಸಾವಿರದಲ್ಲೊಂದಕ್ಕಿಂತ ಕೆಳಗಿಳಿಯುತ್ತದೆ. ಅಲ್ಲಿಂದಾಚೆ ಪ್ರತಿ ಸುತ್ತಿಗೂ ಸರಿಯಾದ ಅಂಕಿಗಳು ಹೆಚ್ಚುಕಡಿಮೆ ಇಮ್ಮಡಿಯಾಗುತ್ತವೆ.

ಲೆಕ್ಕ ಹಾಕುವವರಿಗೆ ಇಲ್ಲೊಂದು ಬಿಟ್ಟಿ ತಾಳೆಯಿದೆ. ಮೊದಲ ಸುತ್ತಿನ ನಂತರ ಮೂರೂ ಊಹೆಗಳ ಮೊತ್ತ ಸದಾ ನಿಜವಾದ ಮೂಲಗಳ ಮೊತ್ತವೇ ಆಗಿರುತ್ತದೆ, ಇಲ್ಲಿ ಸೊನ್ನೆ. ಸುತ್ತಿನ ಕೊನೆಗೆ ಕೂಡಿದಾಗ ಸೊನ್ನೆ ಬರದಿದ್ದರೆ ಎಲ್ಲೋ ಕೈತಪ್ಪಿದೆ ಎಂದೇ ಅರ್ಥ.

ಸೊನ್ನೆ ಡಿಗ್ರಿಯಿಂದ ಶುರು ಮಾಡದೆ 30ರಿಂದ ಮಾಡಿದ್ದೇಕೆ? ಇದರಲ್ಲೇ ಇಡೀ ವಿಧಾನದ ಸೂಕ್ಷ್ಮವಿದೆ. ಸಹಗುಣಕಗಳೆಲ್ಲ ವಾಸ್ತವ ಸಂಖ್ಯೆಗಳಾಗಿದ್ದು, ಆರಂಭದ ಬಿಂದುಗಳು ಅಡ್ಡಗೆರೆಯ ಮೇಲೂ ಕೆಳಗೂ ಕನ್ನಡಿಯ ಬಿಂಬದಂತೆ ಕೂತಿದ್ದರೆ, ಸೂತ್ರ ಆ ಹೊಂದಿಕೆಯನ್ನು ಎಂದಿಗೂ ಮುರಿಯುವುದಿಲ್ಲ. 0, 120, 240 ಡಿಗ್ರಿಗಳಿಂದ ಹೊರಟರೆ ಒಂದು ಊಹೆ ಯಾವತ್ತೂ ಅಡ್ಡಗೆರೆಯ ಮೇಲೇ ಇರುತ್ತದೆ, ಉಳಿದೆರಡು ಯಾವತ್ತೂ ಒಂದಕ್ಕೊಂದು ಬಿಂಬ. ನ್ಯೂಟನ್ನನ ಸಮೀಕರಣಕ್ಕೆ ಇದರಿಂದ ತೊಂದರೆಯಿಲ್ಲ, ಅದರ ಮೂಲಗಳೂ ಹಾಗೆಯೇ ಇವೆ. ಆದರೆ x³ − 7x + 6 = 0 ತೆಗೆದುಕೊಳ್ಳಿ. ಅದರ ಮೂಲಗಳು 1, 2, −3, ಮೂರೂ ಅಡ್ಡಗೆರೆಯ ಮೇಲೆ. ಬಿಂಬಗಳಾಗಿ ಹೊರಟ ಜೋಡಿ ಒಂದು 1ಕ್ಕೆ, ಇನ್ನೊಂದು 2ಕ್ಕೆ ಹೋಗಿ ನಿಲ್ಲುವುದು ಸಾಧ್ಯವೇ ಇಲ್ಲ. ಊಹೆಗಳು ಸುತ್ತಿನಿಂದ ಸುತ್ತಿಗೆ ಅಲೆದಾಡುತ್ತಲೇ ಇರುತ್ತವೆ. 1973ರಲ್ಲಿ ಆಲಿವರ್ ಅಬರ್ತ್ ಸೂಚಿಸಿದ ಪರಿಹಾರ ಇದು: ಘಾತ n ಆಗಿದ್ದರೆ 90 ಡಿಗ್ರಿಯನ್ನು n ನಿಂದ ಭಾಗಿಸಿ, ಅಷ್ಟು ಕೋನಕ್ಕೆ ವೃತ್ತವನ್ನು ತಿರುಗಿಸಿಡಿ. ಮೂರನೇ ಘಾತಕ್ಕೆ ಅದು 30.

ತ್ರಿಜ್ಯದಲ್ಲಿ ಉದಾರಿಯಾದರೂ ಬೆಲೆ ತೆರಬೇಕು. ಮೂಲಗಳಿಂದ ಬಹುದೂರದ ವೃತ್ತದಲ್ಲಿ ಹೊರಟ ಬಿಂದು ಪ್ರತಿ ಸುತ್ತಿಗೂ ತನ್ನ ದೂರದ n ನಲ್ಲೊಂದು ಪಾಲನ್ನಷ್ಟೇ ಕ್ರಮಿಸುತ್ತದೆ. ಇಪ್ಪತ್ತನೇ ಘಾತಕ್ಕೆ ಅದು ಶೇಕಡಾ 5 ಮಾತ್ರ. ದಾರಿ ಸವೆಸುವುದರಲ್ಲೇ ಹತ್ತಾರು ಸುತ್ತು ಕಳೆದುಹೋಗುತ್ತದೆ.

ಒಂದೇ ಮೂಲ ಮತ್ತೆ ಮತ್ತೆ ಬರುವ ಬಹುಪದಿಗಳಲ್ಲಿ ಅಂಕಿ ಇಮ್ಮಡಿಸುವ ವೇಗ ಇಲ್ಲವಾಗುತ್ತದೆ. (x − 1)³ ಗೆ ಮೂರು ಬಿಂದುಗಳು 1ರ ಸುತ್ತ ವೃತ್ತದಲ್ಲಿ ಹೊರಟರೆ ಪ್ರತಿ ಸುತ್ತಿಗೂ ದೋಷದ ಮೂರನೇ ಒಂದು ಭಾಗ ಮಾತ್ರ ಕರಗುತ್ತದೆ. ಹದಿನಾರು ಅಂಕಿ ಹಿಡಿಯುವ ಕಂಪ್ಯೂಟರಿನಲ್ಲೂ ಐದಾರು ಅಂಕಿಗಳಾಚೆ ನಂಬಿಕೆ ಇಡುವಂತಿಲ್ಲ. ಗುರುತು ಹಿಡಿಯುವುದು ಸುಲಭ: ಕೆಲವು ಊಹೆಗಳು ಒಂದೆಡೆ ಗುಂಪುಗೂಡಿ ನಿಧಾನಕ್ಕೆ ಕುಗ್ಗುತ್ತಿರುತ್ತವೆ. ಆಗ ಬಿಡಿ ಬಿಂದುಗಳಿಗಿಂತ ಗುಂಪಿನ ಸರಾಸರಿ ಹೆಚ್ಚು ನಿಖರ.

ವೃತ್ತವನ್ನು ಓರೆಯಾಗಿಟ್ಟರೆ ಗೆಲುವು ಖಚಿತವೇ? ಬಳಕೆಯಲ್ಲಿ ಬಹುತೇಕ ಹೌದು, ಸಿದ್ಧಾಂತದಲ್ಲಿ ಅಲ್ಲ. 2020ರಲ್ಲಿ ರೈಂಕೆ, ಶ್ಲೈಷರ್, ಸ್ಟೋಲ್ ಎಂಬ ಮೂವರು ಗಣಿತಜ್ಞರು, ಮೂರನೇ ಘಾತದಿಂದ ಮೇಲಿನ ಪ್ರತಿ ಘಾತದಲ್ಲೂ ಊಹೆಗಳು ಮೂಲಗಳಿಗೆ ಹೋಗದೆ ಕೆಲವೇ ಸ್ಥಾನಗಳ ನಡುವೆ ಸುತ್ತುತ್ತ ಉಳಿದುಬಿಡುವ ಬಹುಪದಿಗಳಿವೆ ಎಂದು ತೋರಿಸಿದರು. ಹೊಂದಿಕೆ ಮುರಿದಿದ್ದರೂ ಈ ಬಲೆಗೆ ಬೀಳಬಹುದು. ಹಾಗಾಗಿ ಜಾಗರೂಕತೆಯಿಂದ ಬರೆದ ಪ್ರೋಗ್ರಾಮು ಸುತ್ತುಗಳಿಗೊಂದು ಮಿತಿ ಇಟ್ಟಿರುತ್ತದೆ. ಅಷ್ಟರೊಳಗೆ ತಿದ್ದುಪಡಿಗಳು ಸಣ್ಣದಾಗದಿದ್ದರೆ ಕೆಲಸ ನಿಲ್ಲಿಸಿ, ವೃತ್ತವನ್ನು ಬೇರೊಂದು ಕೋನಕ್ಕೆ ತಿರುಗಿಸಿ ಮೊದಲಿನಿಂದ ಹೊರಡುತ್ತದೆ.