ಗೋದಾಮಿನಲ್ಲೇ ಉಳಿದ ಲಾಭ

ಸೀರೆ ನೇಯಿಸುವ ಮಾತೃ ಕಂಪನಿ, ಅವನ್ನು ಮಾರುವ ಅಂಗಸಂಸ್ಥೆ ಎಂದಿಟ್ಟುಕೊಳ್ಳಿ. 80 ಲಕ್ಷ ರೂಪಾಯಿ ಅಸಲಿನ ಸರಕನ್ನು ಮಾತೃ ಕಂಪನಿ ಒಂದು ಕೋಟಿಗೆ ಅಂಗಸಂಸ್ಥೆಗೆ ಮಾರಿತು. ಅದರ ಪುಸ್ತಕದಲ್ಲಿ 20 ಲಕ್ಷ ಲಾಭ. ಮಾರ್ಚ್ 31ಕ್ಕೆ ಅಂಗಸಂಸ್ಥೆಯ ಗೋದಾಮಿನಲ್ಲಿ 40 ಲಕ್ಷ ಬೆಲೆಯ ಸೀರೆಗಳು ಹಾಗೇ ಉಳಿದಿವೆ. ಹೊರಗಿನ ಗಿರಾಕಿ ಇನ್ನೂ ಬಂದಿಲ್ಲ. ಆ ಸೀರೆಗಳ ಮೇಲಿನ ಲಾಭ ಗುಂಪಿನ ಮಟ್ಟಿಗೆ ಬರೀ ಕಾಗದದ್ದು.

ಅದೆಷ್ಟು? ಅನೇಕರು ಎಡವುವುದು ಇಲ್ಲೇ. ಅಸಲಿನ ಮೇಲೆ ಶೇಕಡಾ 25 ಏರಿಸಿದ್ದರಿಂದ 40 ಲಕ್ಷಕ್ಕೂ 25ರ ಲೆಕ್ಕ ಹಾಕಿ 10 ಲಕ್ಷ ಎಂದುಬಿಡುತ್ತಾರೆ. ಆದರೆ 40 ಲಕ್ಷ ಮಾರಾಟ ಬೆಲೆ. ಅದರಲ್ಲಿ ಲಾಭ ಐದನೇ ಒಂದು ಭಾಗ, ಅಂದರೆ 8 ಲಕ್ಷ.

ಕ್ರೋಡೀಕೃತ ಲೆಕ್ಕದಲ್ಲಿ ಆ ಒಂದು ಕೋಟಿಯನ್ನು ಮಾರಾಟ, ಖರೀದಿ ಎರಡರಿಂದಲೂ ತೆಗೆಯಬೇಕು. ದಾಸ್ತಾನು 40ರಿಂದ 32 ಲಕ್ಷಕ್ಕೆ ಇಳಿಯುತ್ತದೆ, ಲಾಭವೂ 8 ಲಕ್ಷ ಕುಗ್ಗುತ್ತದೆ. ಮುಂದಿನ ವರ್ಷ ಸೀರೆಗಳು ಹೊರಗೆ ಮಾರಾಟವಾದಾಗ ಅದೇ 8 ಲಕ್ಷ ಗುಂಪಿನ ಲಾಭಕ್ಕೆ ಸೇರುತ್ತದೆ.

ಶೇಕಡಾ 75 ಷೇರಿನ ಅಂಗಸಂಸ್ಥೆಯೇ ಮಾತೃ ಕಂಪನಿಗೆ ಮಾರಿದ್ದರೆ? ಆಗಲೂ ಇಂಡ್ ಎಎಸ್ 110ರ ಪ್ರಕಾರ ಪೂರ್ತಿ 8 ಲಕ್ಷ ಹೋಗುತ್ತದೆ. ರೂಢಿಯಂತೆ ಅದರಲ್ಲಿ 2 ಲಕ್ಷದ ಹೊರೆ ಹೊರಗಿನ ಷೇರುದಾರರ ಪಾಲಿಗೆ ಬೀಳುತ್ತದೆ.