ಹಕ್ಕಿನ ಷೇರು: ಕೊಳ್ಳಬೇಕೆ, ಮಾರಬೇಕೆ?

ಕರ್ಣಾಟಕ ಬ್ಯಾಂಕ್ 2016ರಲ್ಲಿ ತನ್ನ ಷೇರುದಾರರಿಗೆ ಪ್ರತಿ ಎರಡು ಷೇರಿಗೆ ಒಂದರಂತೆ, ತಲಾ 70 ರೂಪಾಯಿ ದರದಲ್ಲಿ ಹಕ್ಕಿನ ಷೇರು ನೀಡಿತು. ಪೇಟೆ ದರಕ್ಕಿಂತ ಅಗ್ಗವೆಂಬುದು ನಿಜ. ಆದರೆ ಅದು ಉಡುಗೊರೆಯಲ್ಲ.

ಇದೇ ಲೆಕ್ಕದಲ್ಲಿ ಚನ್ನಪಟ್ಟಣದ ಷೇರುದಾರರೊಬ್ಬರ ಬಳಿ ತಲಾ 130 ರೂಪಾಯಿ ಬೆಲೆಯ 100 ಷೇರುಗಳಿವೆ ಎಂದುಕೊಳ್ಳೋಣ. ಮೌಲ್ಯ 13,000 ರೂಪಾಯಿ. ಹೊಸ ಷೇರುಗಳು ಬೆರೆತಾಗ ದರ ಸುಮಾರು 110ಕ್ಕೆ ಇಳಿಯಬೇಕು. ಏಕೆಂದರೆ 130ರ ಎರಡು ಷೇರುಗಳಿಗೆ 70ರದೊಂದು ಸೇರಿದರೆ ಮೂರಕ್ಕೆ 330 ರೂಪಾಯಿ. ಅವರು 3,500 ರೂಪಾಯಿ ತೆತ್ತು 50 ಷೇರು ಪಡೆದರೆ ನಷ್ಟವಿಲ್ಲ. ಹಣವಿಲ್ಲದಿದ್ದರೆ ಪ್ರತಿ ಹಕ್ಕನ್ನು ಸುಮಾರು 40 ರೂಪಾಯಿಗೆ ಮಾರಿ 2,000 ರೂಪಾಯಿ ಪಡೆಯಬಹುದು. ಎರಡನ್ನೂ ಮಾಡದೆ ಸುಮ್ಮನಿದ್ದರೆ ಕೈಯಲ್ಲಿ ಉಳಿಯುವುದು 11,000 ಮಾತ್ರ!

ಹಾಗಾದರೆ ನಿರ್ಧಾರ ಹೇಗೆ? ಈ ಕಂಪನಿಯಲ್ಲಿ ಇನ್ನೂ 3,500 ರೂಪಾಯಿ ತೊಡಗಿಸಲು ಮನಸ್ಸಿದೆಯೇ ಎಂಬುದೇ ಪ್ರಶ್ನೆ. ಕಂಪನಿ ಹಣ ಕೇಳುತ್ತಿರುವುದು ವಿಸ್ತರಣೆಗೋ, ಹಳೆಯ ಸಾಲ ತೀರಿಸಲೋ ಎಂಬುದನ್ನು ಕೊಡುಗೆ ಪತ್ರದಲ್ಲಿ ನೋಡಬೇಕು. ಪೇಟೆ ದರವೇ 70ಕ್ಕಿಂತ ಕೆಳಗಿಳಿದರೆ ಅರ್ಜಿ ಹಾಕುವುದು ವ್ಯರ್ಥ.

2020ರಿಂದ ಹಕ್ಕುಗಳು ನೇರವಾಗಿ ಡಿಮ್ಯಾಟ್ ಖಾತೆಗೆ ಜಮೆಯಾಗುತ್ತಿದ್ದು, ಷೇರಿನಂತೆಯೇ ಮಾರಬಹುದು. ಆದರೆ ಈ ವಹಿವಾಟು ಅರ್ಜಿಯ ಕೊನೆಯ ದಿನಕ್ಕಿಂತ ಮೊದಲೇ ಮುಗಿಯುತ್ತದೆ. ಅರ್ಜಿ ಸಲ್ಲಿಸದ ಹಕ್ಕು, ಬೆಲೆ ತೆತ್ತು ಕೊಂಡದ್ದಾದರೂ, ಗಡುವು ಮುಗಿದೊಡನೆ ರದ್ದಾಗುತ್ತದೆ.