ಯಾವ ಸುಸ್ತಿ, ಎಷ್ಟು ಸುಸ್ತಿ: ಹೊಸ ಮಾಸಿಕ ನಮೂನೆಯ ಜೊತೆ ಹೋಗುವ ಇಮೇಲ್

ಗದಗಿನಲ್ಲಿ ಪ್ರಧಾನ ಕಚೇರಿ, ಸುತ್ತಲಿನ ತಾಲ್ಲೂಕುಗಳಲ್ಲಿ ಹನ್ನೆರಡು ಶಾಖೆಗಳು ಇರುವ ಒಂದು ಪತ್ತಿನ ಸಹಕಾರ ಸಂಘ ಇದೆ ಎಂದಿಟ್ಟುಕೊಳ್ಳೋಣ. ಇಷ್ಟು ದಿನ ತಿಂಗಳ ವರದಿಯನ್ನು ಪ್ರತಿ ಶಾಖೆ ತನಗೆ ತಿಳಿದಂತೆ ಬರೆದು ಕಳಿಸುತ್ತಿತ್ತು. ಒಂದು ಕಡೆಯಿಂದ ಕೈಬರಹದ ಹಾಳೆಯ ಫೋಟೊ ಬಂದರೆ ಇನ್ನೊಂದು ಕಡೆಯಿಂದ ವಾಟ್ಸ್‌ಆ್ಯಪ್‌ನಲ್ಲಿ ನಾಲ್ಕು ಸಾಲು. ಈ ಜುಲೈಯಿಂದ ಎಲ್ಲರಿಗೂ ಒಂದೇ ಎಕ್ಸೆಲ್ ನಮೂನೆ. ಅದನ್ನು ತುಂಬುವುದು ಹೇಗೆಂದು ಶಾಖಾ ವ್ಯವಸ್ಥಾಪಕರಿಗೆ ಒಂದು ಇಮೇಲ್ ಬರೆಯಬೇಕು.

ಇಂಥ ಇಮೇಲ್ ಬರೆಯಲು ಕೂತವರು ಸಾಮಾನ್ಯವಾಗಿ ಮೊದಲ ಅಂಕಣದಿಂದ ಕೊನೆಯ ಅಂಕಣದವರೆಗೆ ಎಲ್ಲವನ್ನೂ ವಿವರಿಸುತ್ತಾರೆ. ‘ಶಾಖೆಯ ಹೆಸರು ಎಂಬಲ್ಲಿ ಶಾಖೆಯ ಹೆಸರನ್ನು ಬರೆಯಿರಿ’ ಎಂಬ ಸಾಲೂ ಅದರಲ್ಲಿ ಇರುತ್ತದೆ. ಶಾಖೆಯಲ್ಲಿ ಅದನ್ನು ಓದುವವರು ಕೌಂಟರಿನ ಮುಂದೆ ಜನ ನಿಂತಿರುವಾಗ ಮೊಬೈಲಿನಲ್ಲಿ ಓದುತ್ತಾರೆ. ಎರಡನೇ ಪುಟಕ್ಕೆ ಹೋಗುವವರು ಕಡಿಮೆ. ಹಾಗಾಗಿ ಇಮೇಲ್ ಬರೆಯುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇಬ್ಬರು ಬುದ್ಧಿವಂತ, ಅನುಭವಿ ವ್ಯವಸ್ಥಾಪಕರು ಒಂದೇ ಖಾತೆಯನ್ನು ನೋಡಿ ಯಾವ ಅಂಕಣದಲ್ಲಿ ಬೇರೆ ಬೇರೆ ಅಂಕಿ ಬರೆದಾರು? ಆ ಅಂಕಣಗಳ ಬಗ್ಗೆ ಮಾತ್ರ ಬರೆದರೆ ಸಾಕು.

ಅಂಥ ಅಂಕಣಗಳಲ್ಲಿ ಮೊದಲನೆಯದು ಸುಸ್ತಿ. ಒಬ್ಬ ಸದಸ್ಯರ ಸಾಲದಲ್ಲಿ 80,000 ರೂಪಾಯಿ ಅಸಲು ಬಾಕಿ ಇದೆ, ಪ್ರತಿ ತಿಂಗಳ 10ರಂದು 5,000 ರೂಪಾಯಿ ಅಸಲಿನ ಕಂತು ಎನ್ನೋಣ. ಮೇ, ಜೂನ್, ಜುಲೈ ಮೂರೂ ಕಂತು ಬಂದಿಲ್ಲ. ಜುಲೈ 31ರ ವರದಿಯಲ್ಲಿ ಸುಸ್ತಿ ಎಷ್ಟು? ಒಂದು ಶಾಖೆಯವರು 15,000 ಎಂದು ಬರೆಯುತ್ತಾರೆ, ಏಕೆಂದರೆ ಕಟ್ಟಬೇಕಾಗಿದ್ದು, ಕಟ್ಟದೆ ಉಳಿದಿದ್ದು ಅಷ್ಟೇ. ಇನ್ನೊಂದು ಶಾಖೆಯವರು 80,000 ಎಂದು ಬರೆಯುತ್ತಾರೆ, ಏಕೆಂದರೆ ಅವರ ಲೆಕ್ಕದಲ್ಲಿ ಆ ಸಾಲಗಾರರೇ ಸುಸ್ತಿದಾರರು, ಅವರ ಸಾಲವೆಲ್ಲ ಸುಸ್ತಿ ಸಾಲ. ಇಬ್ಬರಲ್ಲಿ ಯಾರದ್ದೂ ದಡ್ಡತನವಲ್ಲ. ಆದರೆ ಹನ್ನೆರಡು ಶಾಖೆಗಳಲ್ಲಿ ಏಳು ಒಂದು ರೀತಿ, ಐದು ಇನ್ನೊಂದು ರೀತಿ ಬರೆದರೆ ಕೂಡಿಸಿ ಬಂದ ಮೊತ್ತಕ್ಕೆ ಅರ್ಥವಿಲ್ಲ. ಆ ಮೊತ್ತವನ್ನು ಆಡಳಿತ ಮಂಡಳಿಯ ಸಭೆಯಲ್ಲಿ ಓದಿ ಹೇಳಲಾಗುತ್ತದೆ ಎಂಬುದು ಇನ್ನೂ ದೊಡ್ಡ ತೊಂದರೆ.

ಪಕ್ಕದ ಅಂಕಣ ಎನ್‌ಪಿಎ, ಅಂದರೆ ಅನುತ್ಪಾದಕ ಆಸ್ತಿ. ಇಲ್ಲಿ ಲೆಕ್ಕ ತಿರುಗುತ್ತದೆ. ವಾಣಿಜ್ಯ ಬ್ಯಾಂಕುಗಳಲ್ಲಿ 2004ರ ಮಾರ್ಚ್ 31ರಿಂದ ಜಾರಿಯಲ್ಲಿರುವ ನಿಯಮದಂತೆ ಕಂತು ಅಥವಾ ಬಡ್ಡಿ 90 ದಿನ ಮೀರಿ ಬಾಕಿ ಉಳಿದರೆ ಕಂತಲ್ಲ, ಸಾಲದ ಪೂರ್ತಿ ಬಾಕಿಯೇ ಎನ್‌ಪಿಎ. ನಮ್ಮ ಸಂಘವೂ ಅದೇ ಅಳತೆ ಇಟ್ಟುಕೊಂಡಿದೆ ಎಂದುಕೊಳ್ಳೋಣ. ಮೇ 10ರ ಕಂತಿಗೆ ಜುಲೈ 31ಕ್ಕೆ 82 ದಿನ. ಆದ್ದರಿಂದ ಜುಲೈ ವರದಿಯಲ್ಲಿ ಈ ಸಾಲದ ಸುಸ್ತಿ 15,000, ಎನ್‌ಪಿಎ ಸೊನ್ನೆ. ಆಗಸ್ಟ್ 10ರ ಕಂತೂ ತಪ್ಪಿತು ಎನ್ನಿ. ಆಗಸ್ಟ್ 31ಕ್ಕೆ ಹಳೆಯ ಕಂತಿಗೆ 113 ದಿನ. ಈಗ ಸುಸ್ತಿ 20,000, ಎನ್‌ಪಿಎ 80,000. ಒಂದೇ ತಿಂಗಳಲ್ಲಿ ಒಂದು ಅಂಕಣ ಐದು ಸಾವಿರ ಏರಿದರೆ ಇನ್ನೊಂದು ಸೊನ್ನೆಯಿಂದ ಎಂಬತ್ತು ಸಾವಿರಕ್ಕೆ ಹಾರುತ್ತದೆ. ಇದು ತಪ್ಪಲ್ಲ, ಹೀಗೇ ಆಗಬೇಕು. ಈ ಒಂದು ಸಾಲದ ಎರಡು ತಿಂಗಳ ಅಂಕಿಗಳನ್ನು ಇಮೇಲಿನಲ್ಲಿ ಕೊಟ್ಟರೆ ಒಂದು ಪುಟದ ವ್ಯಾಖ್ಯೆ ಬೇಕಾಗುವುದಿಲ್ಲ.

ಎರಡನೆಯ ಜಾಗ ‘ವಸೂಲಿ’. ಸದಸ್ಯರು ಕೌಂಟರಿನಲ್ಲಿ ಕಟ್ಟಿದ ಹಣದಲ್ಲಿ ಅಸಲೂ ಇರುತ್ತದೆ, ಬಡ್ಡಿಯೂ ಇರುತ್ತದೆ. ವಸೂಲಿ ಎಂದು ಕೇಳಿದರೆ ಶಾಖೆಯವರು ಎರಡನ್ನೂ ಕೂಡಿಸಿ ಬರೆಯುವುದು ಸಹಜ. ಆದರೆ ಸಾಲದ ಬಾಕಿ ಇಳಿಸುವುದು ಅಸಲು ಮಾತ್ರ. ಜೂನ್ ಕೊನೆಗೆ ಸಾಲದ ಬಾಕಿ 1,84,20,000 ಇದ್ದು, ಜುಲೈಯಲ್ಲಿ 12,50,000 ಹೊಸ ಸಾಲ ಕೊಟ್ಟು, 9,80,000 ಅಸಲು ವಸೂಲಾಗಿದ್ದರೆ ಜುಲೈ ಕೊನೆಯ ಬಾಕಿ 1,86,90,000 ಆಗಬೇಕು. ಶಾಖೆಯವರು ವಸೂಲಿ 11,35,000 ಎಂದು ಬರೆದಿದ್ದರೆ ಲೆಕ್ಕ 1,55,000ದಷ್ಟು ತಾಳೆಯಾಗುವುದಿಲ್ಲ. ಆ ತಿಂಗಳ ಬಡ್ಡಿ ಜಮೆ ನೋಡಿ: ಅಷ್ಟೇ ಇರುತ್ತದೆ. ವ್ಯತ್ಯಾಸದ ಮೊತ್ತವೇ ತಪ್ಪಿನ ಹೆಸರು ಹೇಳುವ ಇಂಥ ಅನುಕೂಲ ಲೆಕ್ಕದಲ್ಲಿ ಅಪರೂಪ. ಹಾಗಾಗಿ ನಮೂನೆಯಲ್ಲಿ ಒಂದು ತಾಳೆ ಮನೆ ಇಡಬೇಕು. ಆರಂಭದ ಬಾಕಿ `C5`, ಹೊಸ ಸಾಲ `C6`, ಅಸಲು ವಸೂಲಿ `C7`, ಅಖೈರು ಬಾಕಿ `C8` ಆದರೆ ಸೂತ್ರ ಇಷ್ಟೇ:

```
=C5+C6-C7-C8
```

ಉತ್ತರ ಸೊನ್ನೆ ಬರಬೇಕು. ಬಾರದಿದ್ದರೆ ಶಾಖೆಯಲ್ಲೇ ಹುಡುಕಿ ಸರಿಮಾಡಬಹುದು, ಪ್ರಧಾನ ಕಚೇರಿಯಿಂದ ಫೋನ್ ಬರುವವರೆಗೆ ಕಾಯಬೇಕಿಲ್ಲ.

ವಸೂಲಿಗೆ ಅಂಟಿಕೊಂಡೇ ಇನ್ನೊಂದು ತೊಡಕಿದೆ. ಒಂದು ಅಂಕಣ ‘ಈ ತಿಂಗಳು’ ಕೇಳುತ್ತದೆ, ಇನ್ನೊಂದು ‘ಏಪ್ರಿಲ್ 1ರಿಂದ ಇಲ್ಲಿಯವರೆಗೆ’. ಹೊಸ ನಮೂನೆ ಏಪ್ರಿಲ್‌ನಲ್ಲಿ ಜಾರಿಗೆ ಬಂದರೆ ಆ ತಿಂಗಳು ಎರಡೂ ಅಂಕಿ ಒಂದೇ ಆಗಿರುತ್ತದೆ, ಯಾರು ತಪ್ಪು ತಿಳಿದಿದ್ದಾರೆ ಎಂದು ಮೇ ವರದಿ ಬರುವವರೆಗೆ ಗೊತ್ತಾಗುವುದೇ ಇಲ್ಲ. ವರ್ಷದ ನಡುವೆ ಜಾರಿಯಾದರೆ ತೊಂದರೆ ಮೊದಲ ತಿಂಗಳಲ್ಲೇ ಹೊರಬೀಳುತ್ತದೆ, ಒಂದು ಲೆಕ್ಕಕ್ಕೆ ಇದೇ ಒಳ್ಳೆಯದು. ಆದರೆ ಆಗ ಏಪ್ರಿಲ್–ಜೂನ್ ಅಂಕಿಯನ್ನು ಯಾರು ತುಂಬುವುದು? ಶಾಖೆಗೆ ಬಿಟ್ಟರೆ ಹನ್ನೆರಡು ರೀತಿಯ ಅಂಕಿ ಬರುತ್ತವೆ. ಪ್ರಧಾನ ಕಚೇರಿಯೇ ತನ್ನ ಪುಸ್ತಕದಿಂದ ತುಂಬಿ ಕಳಿಸುವುದು ಮೇಲು. ಏಪ್ರಿಲ್–ಜೂನ್ ವಸೂಲಿ 27,40,000 ಎಂದು ತುಂಬಿದ್ದರೆ, ಜುಲೈಯ 9,80,000 ಸೇರಿ 37,20,000 ತಾನಾಗಿಯೇ ಕಾಣಿಸುತ್ತದೆ.

ರೂಪಾಯಿಯೋ ಲಕ್ಷವೋ ಎಂಬುದು ಮೂರನೆಯದು. ಠೇವಣಿ 2,36,45,780 ರೂಪಾಯಿ ಇರುವ ಶಾಖೆ, ಲಕ್ಷಗಳಲ್ಲಿ ಕೇಳಿರುವ ಅಂಕಣದಲ್ಲಿ ಪೂರ್ತಿ ಅಂಕಿಯನ್ನೇ ಬರೆದರೆ ಅದರ ಠೇವಣಿ ಎರಡು ಲಕ್ಷ ಕೋಟಿ ದಾಟುತ್ತದೆ. ಅದನ್ನು ನೋಡಿ ಎಲ್ಲರೂ ನಗುತ್ತಾರೆ, ಐದು ನಿಮಿಷದಲ್ಲಿ ಸರಿಯಾಗುತ್ತದೆ. ಅಪಾಯ ಇರುವುದು ತಿರುಗುಮುರುಗಾದಾಗ. ರೂಪಾಯಿ ಕೇಳಿರುವಲ್ಲಿ 236.46 ಎಂದು ಬರೆದರೆ ಇಡೀ ಶಾಖೆಯ ಠೇವಣಿ ಒಟ್ಟು ಮೊತ್ತದಿಂದ ಸದ್ದಿಲ್ಲದೆ ಮಾಯವಾಗುತ್ತದೆ. ಹನ್ನೊಂದು ಶಾಖೆಗಳ ಕೋಟಿಗಳ ನಡುವೆ ಒಂದರ ಇಳಿಕೆ ಎದ್ದು ಕಾಣುವುದಿಲ್ಲ. ಶಾಖೆಗಳು ಅಂಕಿ ತೆಗೆದುಕೊಳ್ಳುವ ಸಾಫ್ಟ್‌ವೇರ್ ರೂಪಾಯಿಗಳಲ್ಲಿ ತೋರಿಸುವುದರಿಂದ ನಮೂನೆಯೂ ರೂಪಾಯಿಯಲ್ಲೇ ಇರಲಿ. ಲಕ್ಷಕ್ಕೆ ಇಳಿಸುವ ಕೆಲಸವನ್ನು ಪ್ರಧಾನ ಕಚೇರಿ ಇಟ್ಟುಕೊಳ್ಳಲಿ.

ಇನ್ನು ಎಕ್ಸೆಲ್‌ನ ಕಿರಿಕಿರಿಗಳು. ಪ್ರಧಾನ ಕಚೇರಿಯ ಒಟ್ಟು ಹಾಳೆ ಪ್ರತಿ ಶಾಖೆಯ ಫೈಲಿನಿಂದ ಅದೇ `C7`, ಅದೇ `C8` ಮನೆಯ ಅಂಕಿಯನ್ನು ಎತ್ತಿಕೊಳ್ಳುತ್ತದೆ. ಯಾರಾದರೂ ತಮ್ಮ ಅನುಕೂಲಕ್ಕೆ ಮೇಲೆ ಒಂದು ಸಾಲು ಸೇರಿಸಿದರೆ ಎಲ್ಲವೂ ಒಂದು ಮನೆ ಕೆಳಗೆ ಜಾರಿ, ವಸೂಲಿಯ ಜಾಗದಲ್ಲಿ ಹೊಸ ಸಾಲದ ಅಂಕಿ ಕೂರುತ್ತದೆ. ಬೇರೆ ಕಡೆಯಿಂದ ಕಾಪಿ ಮಾಡಿ ಅಂಟಿಸಿದ ಅಂಕಿಯ ಜೊತೆ ಕಾಣದ ಒಂದು ಸ್ಪೇಸ್ ಬಂದರೆ ಎಕ್ಸೆಲ್ ಅದನ್ನು ಅಕ್ಷರವೆಂದು ತಿಳಿಯುತ್ತದೆ, `SUM` ಅದನ್ನು ಕೂಡಿಸದೆ ದಾಟಿಹೋಗುತ್ತದೆ. ಗುರುತು ಸುಲಭ: ನಾವಾಗಿ ಬದಲಿಸಿರದಿದ್ದರೆ ಅಂಕಿ ಮನೆಯ ಬಲಕ್ಕೆ ಒತ್ತಿ ನಿಲ್ಲುತ್ತದೆ, ಅಕ್ಷರ ಎಡಕ್ಕೆ. ಸೊನ್ನೆ ಇದ್ದಲ್ಲಿ 0 ಎಂದೇ ಬರೆಯಬೇಕು. ಗೆರೆ ಎಳೆದರೆ ಅದೂ ಅಕ್ಷರ. ಖಾಲಿ ಬಿಟ್ಟರೆ ಇಲ್ಲವೆಂದು ಬಿಟ್ಟರೋ ಮರೆತು ಬಿಟ್ಟರೋ ತಿಳಿಯುವುದಿಲ್ಲ.

ಇಷ್ಟೆಲ್ಲ ಯೋಚಿಸಿದ ಮೇಲೆ ಇಮೇಲ್ ಇಷ್ಟು ಚಿಕ್ಕದಾಗುತ್ತದೆ:

> ವಿಷಯ: ಜುಲೈ ಮಾಸಿಕ ವರದಿ, ಹೊಸ ನಮೂನೆಯಲ್ಲಿ, ಆಗಸ್ಟ್ 5ರ ಸಂಜೆ 5ರೊಳಗೆ
>
> ಮಾನ್ಯರೇ,
>
> ಜುಲೈಯಿಂದ ಮಾಸಿಕ ವರದಿಯನ್ನು ಲಗತ್ತಿಸಿರುವ ನಮೂನೆಯಲ್ಲೇ ಕಳುಹಿಸಬೇಕಾಗಿ ಕೋರುತ್ತೇವೆ. ಎಲ್ಲ ಅಂಕಿಗಳು ಜುಲೈ 31ರ ದಿನದ ವಹಿವಾಟು ಮುಗಿದ ನಂತರದವು, ಪೂರ್ಣ ರೂಪಾಯಿಗಳಲ್ಲಿ.
>
> ಹಳದಿ ಮನೆಗಳನ್ನು ಮಾತ್ರ ತುಂಬಿರಿ. ಸಾಲು, ಅಂಕಣ ಸೇರಿಸಬೇಡಿ. ಇಲ್ಲದ್ದಕ್ಕೆ 0 ಬರೆಯಿರಿ.
>
> ವಸೂಲಿ (C7): ಅಸಲು ಮಾತ್ರ, ಬಡ್ಡಿ ಸೇರಿಸಬೇಡಿ.
>
> ಸುಸ್ತಿ (C10): ಜುಲೈ 31ರೊಳಗೆ ಬರಬೇಕಾಗಿದ್ದು ಬಾರದ ಅಸಲಿನ ಕಂತುಗಳು ಮಾತ್ರ.
>
> ಎನ್‌ಪಿಎ (C11): ಕಂತು ಅಥವಾ ಬಡ್ಡಿ 90 ದಿನ ಮೀರಿ ಬಾಕಿಯಿರುವ ಸಾಲಗಳ ಪೂರ್ತಿ ಬಾಕಿ. ಎರಡನೇ ಹಾಳೆಯಲ್ಲಿ ಒಂದು ಸಾಲದ ಉದಾಹರಣೆ ಇದೆ.
>
> ಏಪ್ರಿಲ್–ಜೂನ್ ಅಂಕಿಗಳನ್ನು ನಾವೇ ತುಂಬಿದ್ದೇವೆ. ವ್ಯತ್ಯಾಸ ಕಂಡರೆ ತಿಳಿಸಿ, ನೀವೇ ತಿದ್ದಬೇಡಿ.
>
> ತಾಳೆ ಮನೆಯಲ್ಲಿ 0 ಬಂದ ಮೇಲೆ ಫೈಲಿಗೆ 2025-07-ಶಾಖೆಯ ಸಂಕೇತ ಎಂದು ಹೆಸರಿಟ್ಟು ಇದೇ ಇಮೇಲಿಗೆ ಉತ್ತರವಾಗಿ ಕಳುಹಿಸಿ.
>
> ಲೆಕ್ಕಪತ್ರ ವಿಭಾಗ

ಇದರಲ್ಲಿ ನಮೂನೆ ಏಕೆ ಬದಲಾಯಿತೆಂಬ ವಿವರಣೆ ಇಲ್ಲ. ಅದನ್ನು ವ್ಯವಸ್ಥಾಪಕರ ಸಭೆಯಲ್ಲಿ ಹೇಳಬಹುದು. ವ್ಯವಸ್ಥಾಪಕರು ಇದನ್ನು ಓದಿ ಗುಮಾಸ್ತರಿಗೆ ಫಾರ್ವರ್ಡ್ ಮಾಡುತ್ತಾರೆ, ನಿಜವಾಗಿ ತುಂಬುವವರು ಅವರೇ. ಹಿಂದಿನ ಮಾತುಕತೆ ಗೊತ್ತಿಲ್ಲದವರಿಗೂ ಇದೊಂದರಿಂದಲೇ ಕೆಲಸ ಸಾಗಬೇಕು. ಫೈಲಿನ ಹೆಸರಿನಲ್ಲಿ ವರ್ಷ ಮೊದಲು, ತಿಂಗಳು ಆಮೇಲೆ ಇಟ್ಟಿರುವುದಕ್ಕೂ ಕಾರಣವಿದೆ: ವರ್ಷ ಕಳೆದ ಮೇಲೆ ಫೋಲ್ಡರ್ ತೆರೆದರೆ ಫೈಲುಗಳು ತಿಂಗಳ ಕ್ರಮದಲ್ಲೇ ಸಾಲಾಗಿ ನಿಂತಿರುತ್ತವೆ.

ಕಳಿಸುವ ಮುನ್ನ ಒಂದು ಶಾಖೆಯ ಗುಮಾಸ್ತರಿಗೆ ಇಮೇಲ್ ಮತ್ತು ನಮೂನೆ ಎರಡನ್ನೂ ಕೊಟ್ಟು, ಏನೂ ಹೇಳದೆ ತುಂಬಿಸಿ ನೋಡುವುದು ಒಳ್ಳೆಯದು. ಅವರು ಎಲ್ಲಿ ತಲೆಯೆತ್ತಿ ‘ಸರ್, ಇದು ಯಾವುದು?’ ಎಂದು ಕೇಳುತ್ತಾರೋ ಅಲ್ಲಿಗೆ ಒಂದು ಸಾಲು ಬೇಕು. ಅವರು ಕೇಳದೆ ದಾಟಿದ ಕಡೆ ಬರೆದಿದ್ದರೆ ತೆಗೆಯಬಹುದು. ಆದರೆ ಕೇಳದೆಯೇ ತಪ್ಪು ತುಂಬಿದ ಮನೆಗಳೂ ಇರುತ್ತವೆ, ಸುಸ್ತಿ ಅಂಥದ್ದು. ಅದಕ್ಕೇ ತುಂಬಿದ ಹಾಳೆಯನ್ನು ಶಾಖೆಯ ಪುಸ್ತಕದೊಂದಿಗೆ ಹೋಲಿಸಿ ನೋಡಬೇಕು.

ಆಗಸ್ಟ್ ವರದಿಗೆ ಇಷ್ಟು ಬರೆಯಬೇಕಿಲ್ಲ. ಜುಲೈ ಫೈಲುಗಳಲ್ಲಿ ಹೆಚ್ಚು ಶಾಖೆಗಳು ಎಡವಿದ ಒಂದು ಮನೆಯ ಹೆಸರು, ಸಲ್ಲಿಸುವ ದಿನಾಂಕ, ಎರಡು ಸಾಲು ಸಾಕು. ಮತ್ತೆ ಉದ್ದನೆಯ ಇಮೇಲ್ ಬೇಕಾಗುವುದು ಮುಂದಿನ ಏಪ್ರಿಲ್‌ಗೆ. ಆಗ ‘ಇಲ್ಲಿಯವರೆಗೆ’ ಅಂಕಣ ಮತ್ತೆ ಸೊನ್ನೆಯಿಂದ ಶುರುವಾಗಬೇಕು, ಸಾಲದ ಬಾಕಿ ಮಾತ್ರ ಮಾರ್ಚ್ 31ರ ಅಂಕಿಯಿಂದಲೇ ಮುಂದುವರಿಯಬೇಕು.